ಬೇರೆ ಬ್ರಾಂಚಿನಿಂದ ಬಂದ ಮ್ಯಾನೇಜರ್ ಬರೆಯುವ ಮೊದಲ ಮೇಲ್: ನಿಮ್ಮ ಅನುಭವ ಹೇಳಿ

ಗದಗಿನವ:
ಗದಗ ಬ್ರಾಂಚಿನಿಂದ ಹುಬ್ಬಳ್ಳಿ ಬ್ರಾಂಚಿಗೆ ಮ್ಯಾನೇಜರ್ ಆಗಿ ವರ್ಗ ಆಗಿದೆ. ಸೋಮವಾರ ಚಾರ್ಜು. 11 ಜನರ ಟೀಮು. ಪರಿಚಯದ ಮೇಲ್‌ನಲ್ಲಿ ಯಾವುದು ಮೊದಲು, ಯಾವುದು ಆಮೇಲೆ, ಏನು ಬಿಡಬೇಕು? ಇನ್ನೊಂದು ವಿಷಯ, ಟೀಮಿನಲ್ಲೇ ಒಬ್ಬರು ಈ ಹುದ್ದೆಗೆ ಕಾಯುತ್ತಿದ್ದರಂತೆ.

ಬ್ಯಾಡಗಿ ಖಾರ:
ನಾನು ಮಾಡಿದ್ದನ್ನಂತೂ ಮಾಡಬೇಡಿ. ಹಾವೇರಿಯಿಂದ ಧಾರವಾಡಕ್ಕೆ ಬಂದಾಗ ಎರಡು ರಾತ್ರಿ ಕೂತು ಮೇಲ್ ಬರೆದೆ. ಪ್ರಿಂಟ್ ತೆಗೆದರೆ ಎರಡು ಪುಟ. ಮೊದಲ ಪುಟ ಪೂರ್ತಿ ನಾನು ಹಾವೇರಿಯಲ್ಲಿ ವಸೂಲಿ ಹೇಗೆ ಸುಧಾರಿಸಿದೆ, ಹಾವೇರಿಯಲ್ಲಿ ಬೆಳಗಿನ ಮೀಟಿಂಗ್ ಹೇಗಿತ್ತು, ಅದೇ. ಒಳ್ಳೇ ಮನಸ್ಸಿನಿಂದಲೇ ಬರೆದಿದ್ದೆ. ಯಾರೋ ಅದನ್ನು ಪ್ರಿಂಟ್ ತೆಗೆದು ‘ಹಾವೇರಿ’ ಅನ್ನೋ ಕಡೆಯಲ್ಲೆಲ್ಲ ಕೆಂಪು ಪೆನ್ನಿನಿಂದ ಗೋಲ ಹಾಕಿದ್ದರು. 9 ಗೋಲ. ಆ ಹಾಳೆ ಜೆರಾಕ್ಸ್ ಮಷೀನಿನ ಮೇಲೆ ನನಗೇ ಸಿಕ್ಕಿತು. ಮುಂದೆ ನಾಲ್ಕು ತಿಂಗಳು ನನ್ನ ಹೆಸರು ‘ಹಾವೇರಿ ಸಾಹೇಬ್ರು’. ಏನು ಹೇಳಿದರೂ ‘ಅದು ಹಾವೇರಿ ಪದ್ಧತಿ ಏನ್ರೀ ಸರ್’ ಅಂತ ಮುಖ ತಗ್ಗಿಸಿ ನಗೋರು. ಹಳೇ ಬ್ರಾಂಚಿನ ಹೆಸರು ಒಂದೇ ಸಲ ಬರಲಿ, ಸಾಕು.

ಮೂರು ವರ್ಗದವಳು:
ನಾನು ಮೂರು ಸಲ ವರ್ಗ ಆದವಳು, ಎರಡನೇ ಸಲ ಕೈ ಸುಟ್ಟುಕೊಂಡೆ. ಮೇಲ್ ಚಿಕ್ಕದಾಗಿಯೇ ಇತ್ತು, ಚಂದವೂ ಇತ್ತು. ಆದರೆ ಓದೋರು ಮೊದಲು ಹುಡುಕೋದು ನಿಮ್ಮ ಓದು, ಅನುಭವ ಅಲ್ಲ. ‘ನನ್ನ ರಜೆಗೆ ಇನ್ನು ಯಾರು ಸಹಿ ಮಾಡ್ತಾರೆ, ಕೊಟ್ಟಿದ್ದ ಟಿಎ ಬಿಲ್ ಎಲ್ಲಿ ಹೋಯ್ತು’ ಅನ್ನೋದನ್ನು. ಅದೇ ನನ್ನ ಮೇಲ್‌ನಲ್ಲಿ ಇರಲಿಲ್ಲ.

ಒಬ್ಬರು ಮಗಳ ನಿಶ್ಚಿತಾರ್ಥಕ್ಕೆ ಹಳೇ ಮ್ಯಾನೇಜರ್ ಹತ್ತಿರ ಬಾಯಿಮಾತಿನಲ್ಲಿ ಮೂರು ದಿನ ರಜೆ ಕೇಳಿಕೊಂಡಿದ್ದರು. ಅರ್ಜಿ ಹಾಕಿದರು, ಆದರೆ ಸಿಸ್ಟಮ್‌ನಲ್ಲಿ ಇನ್ನೂ ಹಳೇ ಮ್ಯಾನೇಜರ್ ಹೆಸರೇ ಇತ್ತು. ಅರ್ಜಿ ಬೇರೆ ಊರಿಗೆ ಹೋಗಿದ್ದ ಅವರ ಲಾಗಿನ್‌ನಲ್ಲೇ 6 ದಿನ ಕೂತಿತು. ಅಷ್ಟರಲ್ಲಿ ಸಂಬಳದ ಲೆಕ್ಕ ಮುಗಿಯಿತು. ಮೂರು ದಿನದ ಸಂಬಳ ಕಟ್. ಅದನ್ನು ವಾಪಸ್ ಹಾಕಿಸೋಕೆ ಎರಡು ತಿಂಗಳು, ನಾಲ್ಕು ಪತ್ರ. ಆ ಮನುಷ್ಯ ನನಗೆ ಬೈಯಲಿಲ್ಲ, ಅದೇ ಜಾಸ್ತಿ ನೋವು.

ಮೂರನೇ ಸಲ ಹೀಗೆ ಬರೆದೆ. ಮೊದಲ ಸಾಲಿನಲ್ಲಿ ನಾನು ಯಾರು, ಎಲ್ಲಿಂದ, ಯಾವ ದಿನದಿಂದ. ಅದರ ಕೆಳಗೇ: ‘ಹಿಂದಿನ ಮ್ಯಾನೇಜರ್ ಒಪ್ಪಿದ ರಜೆಗಳು ಹಾಗೇ ಇರುತ್ತವೆ. ಬಾಯಿಮಾತಿನಲ್ಲಿ ಒಪ್ಪಿದ್ದಿದ್ದರೆ ಬುಧವಾರದ ಒಳಗೆ ನನಗೆ ಒಂದು ಸಾಲು ಬರೆಯಿರಿ. ಸಿಸ್ಟಮ್‌ನಲ್ಲಿ ನನ್ನ ಹೆಸರು ಬರೋವರೆಗೆ ಅರ್ಜಿ ಹಾಕಿದ ದಿನವೇ ನನಗೂ ಹೇಳಿ. ಈಗಿನ ಶಿಫ್ಟು, ಕೆಲಸದ ಹಂಚಿಕೆ ಈ ತಿಂಗಳು ಬದಲಾಗುವುದಿಲ್ಲ.’ ಆಮೇಲೆ, ಎರಡು ವಾರದಲ್ಲಿ ಒಬ್ಬೊಬ್ಬರ ಜೊತೆ 20 ನಿಮಿಷ ಕೂರುತ್ತೇನೆ ಅಂತ. ಕೊನೆಗೆ ಫೋನ್ ನಂಬರು. ಅಷ್ಟೇ, ಮೊಬೈಲ್‌ನಲ್ಲಿ ಒಂದೇ ತೆರೆಯಲ್ಲಿ ಮುಗಿಯಬೇಕು. ‘ಈ ತಿಂಗಳು’ ಅಂತ ಗಡುವು ಹಾಕಿದ್ದು ಬೇಕಂತಲೇ. ‘ಏನೂ ಬದಲಾಗಲ್ಲ’ ಅಂತ ಬರೆದರೆ ಮುಂದೆ ಒಂದು ಕುರ್ಚಿ ಸರಿಸಿದರೂ ಆ ಮೇಲ್ ತೆಗೆದು ತೋರಿಸ್ತಾರೆ.

ಚಿಗರಿ ಪಾಸ್:
ಎಲ್ಲ ಸರಿ, ಆದರೆ ಎಲ್ಲರನ್ನೂ ಬಿಸಿಸಿಯಲ್ಲೇ ಹಾಕಿ. ನಾನು ಇಡೀ ಆಫೀಸಿನ ಗ್ರೂಪ್ ವಿಳಾಸಕ್ಕೆ ಕಳಿಸಿದ್ದೆ, 140 ಜನ. ‘ಸ್ವಾಗತ ಸರ್’ ಅಂತ ರಿಪ್ಲೈ ಆಲ್ ಶುರುವಾಯಿತು. ಮಧ್ಯಾಹ್ನದ ಹೊತ್ತಿಗೆ 63. ನಡುವೆ ಒಬ್ಬ ಗೆಳೆಯನಿಗೆ ಅಂದುಕೊಂಡು ಎಲ್ಲರಿಗೂ ಬರೆದ: ‘ಇವರಾದರೂ ದೀಪಾವಳಿ ತನಕ ಇರ್ತಾರಾ ನೋಡೋಣ’. ಹತ್ತೇ ನಿಮಿಷಕ್ಕೆ ವಾಪಸ್ ತೆಗೆಯೋಕೆ ನೋಡಿದ. ಆ ಪ್ರಯತ್ನದ ನೋಟಿಸೂ ಕೆಲವರಿಗೆ ಹೋಯ್ತು! ಅವತ್ತಿನಿಂದ ನಾನು ಬಿಸಿಸಿ ಬಿಟ್ಟು ಮೇಲ್ ಬರೆಯಲ್ಲ.

ಮೂರು ವರ್ಗದವಳು:
ನಿಮ್ಮದು 140 ಜನ, ಅವರದು 11. ಹನ್ನೊಂದು ಜನಕ್ಕೆ ಬಿಸಿಸಿ ಹಾಕಿದರೆ ‘ಇದು ನನಗೊಬ್ಬನಿಗೇ ಬಂತಾ, ಎಲ್ಲರಿಗೂ ಬಂತಾ’ ಅಂತ ಗುಸುಗುಸು ಶುರು. ಟೀಮ್ ವಿಳಾಸಕ್ಕೆ ಫೋಲ್ಡರ್ ಮಾಡಿಕೊಂಡವರಿಗೆ ಬಿಸಿಸಿ ಮೇಲ್ ಆ ಫೋಲ್ಡರಿಗೆ ಬೀಳೋದೂ ಇಲ್ಲ. ತೆರೆದೇ ಕಳಿಸಿ. ಗ್ರೂಪ್ ಬಳಸೋದಾದರೆ ಒಳಗೆ ಯಾರ್ಯಾರಿದ್ದಾರೆ ಅಂತ ಮೊದಲು ನೋಡಿ. ನಿವೃತ್ತರಾದವರ ಹೆಸರು ಇರುತ್ತೆ, ಹೊಸ ಹುಡುಗನದ್ದು ಇರಲ್ಲ. ಮೇಲಿನವರನ್ನು ಸಿಸಿಯಲ್ಲಿ ಹಾಕಬೇಡಿ, ಮೇಲ್ ಅವರಿಗೇ ಬರೆದಂಗೆ ಕಾಣುತ್ತೆ.

ಚಿಗರಿ ಪಾಸ್:
ಮೇಡಂ, 63 ಮೇಲ್ ಅಳಿಸಿದ್ದು ನಾನು, ನೀವಲ್ಲ.

ಲೈನ್ ಬಜಾರ್:
ಮೇಲ್ ಯಾಕ್ರೀ ಅಷ್ಟೊಂದು? ನಾನು ಹೊಸ ಆಫೀಸಿಗೆ ಕ್ಲರ್ಕ್ ಆಗಿ ಸೇರಿದಾಗ ಒಂದು ಕಿಲೋ ಪೇಡೆ ಒಯ್ದಿದ್ದೆ, ಎಲ್ಲರ ಪರಿಚಯ ಅರ್ಧ ಗಂಟೆಯಲ್ಲಿ ಮುಗೀತು. ಇಬ್ಬರಿಗೆ ಸಕ್ಕರೆ ಕಾಯಿಲೆ ಇತ್ತು, ಅದೊಂದು ಗೊತ್ತಿರಲಿಲ್ಲ.

ಬ್ಯಾಡಗಿ ಖಾರ:
ಅವರು ಮ್ಯಾನೇಜರ್ ಆಗಿ ಹೋಗ್ತಿರೋದು, ಕ್ಲರ್ಕ್ ಆಗಿ ಅಲ್ಲ. ಪ್ರಶ್ನೆ ಓದಿ. ಹುಬ್ಬಳ್ಳಿಯವರಿಗೆ ಪೇಡೆ ಒಯ್ದರೆ ‘ಧಾರವಾಡದ್ದು ತಂದ್ರಿ’ ಅಂತ ಅದಕ್ಕೂ ಒಂದು ಮಾತು.

ಲೈನ್ ಬಜಾರ್:
ಹುಬ್ಬಳ್ಳಿಯವರು ಮಿರ್ಚಿ ಗಿರಮಿಟ್ ತಿಂದು ಬೆಳೆದವರು, ಪೇಡೆ ಬೆಲೆ ಅವರಿಗೇನು ಗೊತ್ತು.

ಚಿಗರಿ ಪಾಸ್:
ಈ ಜಗಳಕ್ಕೆ ಬೇರೆ ಜಾಗ ನೋಡಿಕೊಳ್ಳಿ. ಗಿರಮಿಟ್ ವಿಷಯ ಮಾತ್ರ ಎತ್ತಬೇಡಿ.

ಸಿಗದ ಕುರ್ಚಿ:
ಗದಗಿನವರೇ, ನಿಮ್ಮ ಕೊನೇ ಸಾಲಿನ ಮನುಷ್ಯ ನಾನು. ನಿಮ್ಮ ಟೀಮಿನವನಲ್ಲ, ಅಂಥವನು. ಐದು ವರ್ಷ ಆ ಕೆಲಸ ನಾನೇ ಮಾಡಿದೆ, ಕುರ್ಚಿ ಹೊರಗಿನಿಂದ ಬಂದವರಿಗೆ ಹೋಯ್ತು. ಹೊಸಬರು ಮೊದಲ ಮೇಲ್‌ನಲ್ಲಿ ನನ್ನ ಹೆಸರು ಹಾಕಿ ‘ಇವರ ಅಪಾರ ಅನುಭವವೇ ನನಗೆ ಆಸರೆ’ ಅಂತ ಬರೆದರು. ಹನ್ನೆರಡು ಜನ ಓದಿದರು, ಹನ್ನೆರಡು ಜನ ತಿರುಗಿ ನನ್ನ ಕಡೆ ನೋಡಿದರು. ಸೋತವನಿಗೆ ಶಾಲು ಹೊದಿಸಿದಂಗಾಯ್ತು. ಅವರು ಹಿಂದಿನ ದಿನ ಒಂದು ಫೋನ್ ಮಾಡಿದ್ದರೆ ಸಾಕಿತ್ತು. ಮೇಲ್‌ನಲ್ಲಿ ಆ ಒಬ್ಬರ ಹೆಸರು ಬೇಡ. ಹೊಗಳೋದೂ ಬೇಡ, ಜವಾಬ್ದಾರಿ ಕೊಡ್ತೀನಿ ಅನ್ನೋದೂ ಬೇಡ.

ಬ್ಯಾಡಗಿ ಖಾರ:
ಹೆಸರು ಹಾಕದಿದ್ದರೆ ‘ನನ್ನನ್ನು ಕಡೆಗಣಿಸಿದರು’ ಅಂತ ಬರೆಯುತ್ತಿದ್ದಿರಿ. ಏನು ಮಾಡಿದರೂ ನಿಮಗೆ ಸಿಟ್ಟೇ.

ಸಿಗದ ಕುರ್ಚಿ:
ಇರಬಹುದು, ಹಾವೇರಿ ಸಾಹೇಬ್ರೇ.

ಗದಗಿನವ:
ಎಲ್ಲ ಓದಿದೆ. ಮೇಲ್ ಎಂಟು ಸಾಲಿಗೆ ಇಳಿಸಿದ್ದೇನೆ. ಗದಗ ಒಂದೇ ಸಲ ಬಂದಿದೆ, ರಜೆ ವಿಷಯ ಎರಡನೇ ಸಾಲಿನಲ್ಲಿದೆ, 11 ಹೆಸರೂ ಕಾಣುವಂತೆ ಇವೆ. ಮೇಲಿನಿಂದ ವರ್ಗದ ಆದೇಶ ಟೀಮಿಗೆ ತಲುಪಿದ ಮೇಲೇ ಕಳಿಸಬೇಕು ಅಂತಲೂ ಗೊತ್ತಾಯ್ತು, ಯಾಕೆಂದರೆ ಇವತ್ತು ಕೇಳಿದರೆ ಅದು ಇನ್ನೂ ಹೋಗಿಲ್ಲವಂತೆ. ಆ ಒಬ್ಬರಿಗೆ ಸಂಜೆ ಫೋನ್ ಮಾಡಿದೆ. ಎತ್ತಲಿಲ್ಲ.

ಸಿಗದ ಕುರ್ಚಿ:
ನಾನೂ ಎತ್ತುತ್ತಿರಲಿಲ್ಲ. ಭಾನುವಾರ ಬೆಳಗ್ಗೆ ಇನ್ನೊಂದು ಸಲ ಮಾಡಿ. ಹತ್ತು ಗಂಟೆ ಮೇಲೆ.