ಐದು ವರ್ಷದ ವಿನಾಯಿತಿ ಎಂದಿದ್ದ ಸರ್ಕಾರ ಎರಡೇ ವರ್ಷಕ್ಕೆ ಹಿಂತೆಗೆದುಕೊಂಡಿದೆ: ಕೋರ್ಟಿಗೆ ಹೋಗಬಹುದೇ?

ಪ್ರಶ್ನೆ (ಸಣ್ಣ ಕೈಗಾರಿಕೆಯವರು): ಹೊಸ ಘಟಕಗಳಿಗೆ ಉತ್ಪಾದನೆ ಆರಂಭವಾದ ದಿನದಿಂದ ಐದು ವರ್ಷ ವಿದ್ಯುತ್ ತೆರಿಗೆ ವಿನಾಯಿತಿ ಎಂದು ಸರ್ಕಾರಿ ಆದೇಶ ಬಂದಿತ್ತು. ಅದನ್ನು ನೋಡಿಯೇ ಸಾಲ ಮಾಡಿ ಯಂತ್ರ ತರಿಸಿದೆ. ಎರಡು ವರ್ಷ ವಿನಾಯಿತಿ ಸಿಕ್ಕಿತು. ಈಗ ಆದೇಶ ರದ್ದಾಗಿದೆ. ಕೊಟ್ಟ ಮಾತಿಗೆ ಸರ್ಕಾರವನ್ನು ಕಟ್ಟಿಹಾಕಲು ಆಗುತ್ತದೆಯೇ, ಮೇಡಂ?

ವಕೀಲರು: ಆಗುತ್ತದೆ, ಆದರೆ ನಿಮ್ಮ ಕಡತದಲ್ಲಿರುವ ದಿನಾಂಕಗಳು ಕೈ ಹಿಡಿದರೆ ಮಾತ್ರ. ಇದನ್ನು ನಾವು ಪ್ರಾಮಿಸರಿ ಎಸ್ಟಾಪೆಲ್ ಎನ್ನುತ್ತೇವೆ. ನಿಮ್ಮದಕ್ಕೆ ತೀರ ಹತ್ತಿರದ ಪ್ರಕರಣ ಮೋತಿಲಾಲ್ ಪದಂಪತ್ ಶುಗರ್ ಮಿಲ್ಸ್, ಉತ್ತರ ಪ್ರದೇಶದ್ದು.

1968ರ ಅಕ್ಟೋಬರ್‌ನಲ್ಲಿ ಹೊಸ ಕೈಗಾರಿಕೆಗಳಿಗೆ ಮೂರು ವರ್ಷ ಮಾರಾಟ ತೆರಿಗೆ ಇಲ್ಲ ಎಂಬ ಸುದ್ದಿ ಪತ್ರಿಕೆಯಲ್ಲಿ ಬಂತು. ವನಸ್ಪತಿ ಕಾರ್ಖಾನೆ ಹಾಕಬೇಕೆಂದಿದ್ದ ಆ ಕಂಪನಿ ಪತ್ರಿಕೆಯ ಸುದ್ದಿಯನ್ನು ನಂಬಿ ಸುಮ್ಮನೆ ಕೂರಲಿಲ್ಲ. ಕೈಗಾರಿಕಾ ನಿರ್ದೇಶಕರಿಗೆ ಪತ್ರ ಬರೆದು ಖಚಿತಪಡಿಸಿಕೊಂಡಿತು. ಆಮೇಲೆ ಮುಖ್ಯ ಕಾರ್ಯದರ್ಶಿಯಿಂದಲೂ ಬರಹದಲ್ಲಿ ಭರವಸೆ ಪಡೆಯಿತು. 1969ರ ಜನವರಿಯ ಪತ್ರ ಸ್ಪಷ್ಟವಾಗಿತ್ತು. ಯಂತ್ರಗಳಿಗೆ ಒಪ್ಪಂದ ಮಾಡಿಕೊಂಡದ್ದು, ಸಾಲ ಎತ್ತಿದ್ದು ಅದಾದ ನಂತರ. 1970ರ ಜನವರಿಯಲ್ಲಿ ಸರ್ಕಾರ ಪೂರ್ತಿ ವಿನಾಯಿತಿ ಇಲ್ಲ, ರಿಯಾಯಿತಿ ದರ ಮಾತ್ರ ಎಂದಿತು. ಜುಲೈ 2ರಂದು ಉತ್ಪಾದನೆ ಶುರುವಾಯಿತು. ಆಗಸ್ಟ್‌ನಲ್ಲಿ ಆ ರಿಯಾಯಿತಿಯೂ ಹೋಯಿತು!

ಸುಪ್ರೀಂ ಕೋರ್ಟ್‌ನಲ್ಲಿ ನ್ಯಾಯಮೂರ್ತಿ ಪಿ.ಎನ್. ಭಗವತಿಯವರ ತೀರ್ಪು ಬಂದದ್ದು 1978ರ ಡಿಸೆಂಬರ್‌ನಲ್ಲಿ. ಸ್ಪಷ್ಟ ಮಾತು ಕೊಟ್ಟು, ಅದನ್ನು ನಂಬಿ ಎದುರಿನವರು ತಮ್ಮ ಸ್ಥಿತಿ ಬದಲಿಸಿಕೊಂಡ ಮೇಲೆ ಸರ್ಕಾರ ಹಿಂದೆ ಸರಿಯುವಂತಿಲ್ಲ ಎಂದರು. ನಂಬಿದ್ದರಿಂದ ನಷ್ಟವಾಯಿತು ಎಂದು ಪ್ರತ್ಯೇಕವಾಗಿ ತೋರಿಸಬೇಕಿಲ್ಲ. ನಂಬಿ ಹೆಜ್ಜೆ ಇಟ್ಟದ್ದೇ ಸಾಕು. ಆದರೆ ಆ ರಾಜ್ಯದ ಮಾರಾಟ ತೆರಿಗೆ ಕಾಯ್ದೆಯಲ್ಲೇ ವಿನಾಯಿತಿ ಕೊಡುವ ಅಧಿಕಾರವಿತ್ತು ಎಂಬುದನ್ನು ಮರೆಯಬೇಡಿ. ಇಲ್ಲದ ಅಧಿಕಾರದಲ್ಲಿ ಕೊಟ್ಟ ಮಾತಿಗೆ ಬೆಲೆಯಿಲ್ಲ. ಶಾಸನಸಭೆಯೇ ಕಾಯ್ದೆ ತಿದ್ದಿದರೆ ಅದರ ವಿರುದ್ಧ ಈ ವಾದ ನಡೆಯುವುದೂ ಇಲ್ಲ.

ಹಾಗಾಗಿ ಮೂರು ದಿನಾಂಕ ತಿಳಿಸಿ: ಆದೇಶದ್ದು, ಸಾಲ ಮಂಜೂರಾತಿಯದ್ದು, ಯಂತ್ರ ಖರೀದಿಯದ್ದು. ಜೊತೆಗೆ ಬ್ಯಾಂಕಿಗೆ ಕೊಟ್ಟ ಯೋಜನಾ ವರದಿಯನ್ನು ತೆಗೆದು ನೋಡಿ. ಅದರ ಲೆಕ್ಕದಲ್ಲಿ ಈ ವಿನಾಯಿತಿಯನ್ನು ಹಿಡಿದಿದ್ದರೆ ನಂಬಿ ನಡೆದಿರಿ ಎನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷ್ಯ ಸಿಗುವುದು ಕಷ್ಟ.

ಒಬ್ಬ ಸದಸ್ಯರು: ಇಷ್ಟೆಲ್ಲ ಏಕೆ? ನಮ್ಮೂರ ಸಮಾರಂಭದಲ್ಲಿ ಸಚಿವರು ಮೈಕ್ ಹಿಡಿದು ಸಾವಿರಾರು ಜನರ ಮುಂದೆ ಹೇಳಿದ್ದನ್ನೂ ಜಾರಿ ಮಾಡಿಸಬಹುದು. ದೆಹಲಿ ಹೈಕೋರ್ಟ್ ಹಾಗೆಯೇ ಹೇಳಿದೆ.

ವಕೀಲರು: ಅರ್ಧ ಸರಿ, ಸರ್. 2020ರ ಮಾರ್ಚ್‌ನಲ್ಲಿ ಬಡ ಬಾಡಿಗೆದಾರರ ಬಾಡಿಗೆಯನ್ನು ಸರ್ಕಾರ ಕಟ್ಟಿಕೊಡುತ್ತದೆ ಎಂದು ದೆಹಲಿ ಮುಖ್ಯಮಂತ್ರಿ ಪತ್ರಿಕಾಗೋಷ್ಠಿಯಲ್ಲಿ ಹೇಳಿದ್ದರು. 2021ರ ಜುಲೈಯಲ್ಲಿ ಏಕಸದಸ್ಯ ಪೀಠ ಅದು ಜಾರಿಗೊಳಿಸಬಹುದಾದ ಭರವಸೆ ಎಂದಿತು. ಆದರೆ ಸೆಪ್ಟೆಂಬರ್‌ನಲ್ಲಿ ವಿಭಾಗೀಯ ಪೀಠ ಆ ತೀರ್ಪಿಗೆ ತಡೆ ಕೊಟ್ಟಿತು. ವೇದಿಕೆಯ ಮಾತನ್ನೇ ನೆಚ್ಚಿಕೊಂಡು ರಿಟ್ ಅರ್ಜಿ ಹಾಕಿ ಎಂದು ನನ್ನ ಕಕ್ಷಿದಾರರಿಗೆ ನಾನಂತೂ ಹೇಳುವುದಿಲ್ಲ.

ಪ್ರಶ್ನೆ ಕೇಳಿದವರು: ದಿನಾಂಕ ನೋಡಿದೆ. ಯಂತ್ರ, ಸಾಲ ಎರಡೂ ಆದೇಶದ ನಂತರದವು. ಶೆಡ್ ಮಾತ್ರ ಆದೇಶಕ್ಕೆ ಏಳು ತಿಂಗಳು ಮುಂಚೆಯೇ ಕಟ್ಟಿದ್ದೆ. ಇದರಿಂದ ತೊಂದರೆಯೇ?

ವಕೀಲರು: ಶೆಡ್ಡನ್ನು ಆದೇಶ ನಂಬಿ ಕಟ್ಟಿದೆ ಎಂದು ಪ್ರಮಾಣಪತ್ರದಲ್ಲಿ ಬರೆಯಬೇಡಿ. ಯಂತ್ರ ಮತ್ತು ಸಾಲದ ಮೇಲೆ ನಿಲ್ಲಿ.

ಇಲ್ಲಿ ಜಾರ್ಖಂಡ್ ಸರ್ಕಾರ ಮತ್ತು ಬ್ರಹ್ಮಪುತ್ರ ಮೆಟಾಲಿಕ್ಸ್ ನಡುವಿನ, ಸುಪ್ರೀಂ ಕೋರ್ಟ್‌ನ 2020ರ ಡಿಸೆಂಬರ್ ತೀರ್ಪನ್ನು ಓದಬೇಕು. 2012ರ ಕೈಗಾರಿಕಾ ನೀತಿ ಸ್ವಂತ ವಿದ್ಯುತ್ ಘಟಕಗಳಿಗೆ ಐದು ವರ್ಷ ವಿದ್ಯುತ್ ಸುಂಕದಲ್ಲಿ ಅರ್ಧ ರಿಯಾಯಿತಿ ಎಂದಿತ್ತು. ಅದಕ್ಕೆ ಬೇಕಾದ ಅಧಿಸೂಚನೆಗಳು ಒಂದು ತಿಂಗಳಲ್ಲಿ ಬರುತ್ತವೆ ಎಂದು ನೀತಿಯೇ ಹೇಳಿತ್ತು. ಬಂದದ್ದು 2015ರ ಜನವರಿಯಲ್ಲಿ, ಅದೂ ಇನ್ನು ಮುಂದಕ್ಕೆ ಮಾತ್ರ ಎಂಬಂತೆ. ತಾನೇ ತಡ ಮಾಡಿ, ಆ ತಡವನ್ನೇ ಕಾರಣ ಮಾಡಿಕೊಂಡು ಸರ್ಕಾರ ಹಳೆಯ ವರ್ಷಗಳ ರಿಯಾಯಿತಿ ಇಲ್ಲ ಎಂದಿತು. ನ್ಯಾಯಮೂರ್ತಿ ಚಂದ್ರಚೂಡ್ ಅವರಿದ್ದ ಪೀಠ ಇದನ್ನು ಒಪ್ಪಲಿಲ್ಲ.

ಕಂಪನಿ ಉತ್ಪಾದನೆ ಆರಂಭಿಸಿದ್ದು 2011ರ ಆಗಸ್ಟ್‌ನಲ್ಲಿ, ಎಂದರೆ ನೀತಿ ಬರುವುದಕ್ಕೂ ಮುಂಚೆ. ನೀತಿ ನಂಬಿ ಕಾರ್ಖಾನೆ ಕಟ್ಟಿದೆವು ಎಂದು ಅವರು ಹೇಳುವಂತಿರಲಿಲ್ಲ. ಹಾಗಿದ್ದರೂ ನೀತಿ ಬಂದ ನಂತರದ ಎರಡು ಆರ್ಥಿಕ ವರ್ಷಗಳ ರಿಯಾಯಿತಿ ಸಿಕ್ಕಿತು; 2011-12ರದ್ದು ಸಿಗಲಿಲ್ಲ. ಕೋರ್ಟ್ ಅಲ್ಲಿ ನೆಚ್ಚಿಕೊಂಡದ್ದು ನ್ಯಾಯಯುತ ನಿರೀಕ್ಷೆಯ ತತ್ವವನ್ನು, ಎಂದರೆ ಸರ್ಕಾರ ತಾನು ಹೇಳಿದಂತೆ ನಡೆಯುತ್ತದೆ ಎಂದು ಜನ ನಿರೀಕ್ಷಿಸುವುದು ನ್ಯಾಯವೇ ಎಂಬುದನ್ನು. ಅದರ ಬೇರು ಸಂವಿಧಾನದ 14ನೇ ವಿಧಿಯಲ್ಲಿದೆ: ಸರ್ಕಾರ ಮನಸ್ಸಿಗೆ ಬಂದಂತೆ ನಡೆದುಕೊಳ್ಳಬಾರದು. ನೀವು ಎರಡೂ ವಾದಗಳನ್ನು ಎತ್ತಿ, ಬೇರೆ ಬೇರೆ ಪ್ಯಾರಾಗಳಲ್ಲಿ. ಕಲಸುಮೇಲೋಗರ ಮಾಡಿದ ಅರ್ಜಿಗಳು ನ್ಯಾಯಪೀಠದ ತಾಳ್ಮೆ ಕೆಡಿಸುತ್ತವೆ.

ನಿವೃತ್ತ ಕಸ್ಟಮ್ಸ್ ಅಧಿಕಾರಿ: ವಕೀಲರು ತುಂಬ ಆಸೆ ಹುಟ್ಟಿಸುತ್ತಿದ್ದಾರೆ. ಪಿವಿಸಿ ರಾಳದ ಆಮದು ಸುಂಕದ ವಿನಾಯಿತಿ 1981ರ ಮಾರ್ಚ್ 31ರವರೆಗೆ ಎಂದು ಅಧಿಸೂಚನೆಯಲ್ಲೇ ಇತ್ತು. 1980ರ ಅಕ್ಟೋಬರ್‌ನಲ್ಲೇ ಹಿಂತೆಗೆದುಕೊಂಡರು. ಆಮದುದಾರರು ಸೋತರು. ಸಾರ್ವಜನಿಕ ಹಿತ ಎಂದರೆ ಮುಗಿಯಿತು.

ವಕೀಲರು: ನೀವು ಹೇಳಿದ ಆ ಕಾಸಿಂಕಾ ಟ್ರೇಡಿಂಗ್ ಪ್ರಕರಣ ಎದುರಾಳಿಯ ಕೈಯಲ್ಲಿರುವ ಬಲವಾದ ಅಸ್ತ್ರ, ಒಪ್ಪುತ್ತೇನೆ. ಆದರೆ ಆ ವಿನಾಯಿತಿ ಕಾರ್ಖಾನೆ ಹಾಕಿ ಎಂದು ಕರೆದು ಕೊಟ್ಟದ್ದಲ್ಲ. ದೇಶೀಯ ಮತ್ತು ಆಮದು ಸರಕಿನ ಬೆಲೆ ಸರಿದೂಗಿಸಲು ಕೊಟ್ಟದ್ದು. ಬೆಲೆ ಬದಲಾದಾಗ ಅದರ ಕಾರಣವೇ ಉಳಿಯಲಿಲ್ಲ, ಮತ್ತು ಸರ್ಕಾರ ಅದನ್ನು ಕೋರ್ಟಿಗೆ ವಿವರಿಸಿತು. ಐದು ವರ್ಷ ಕೊಡುತ್ತೇವೆ, ಬಂದು ಹಣ ಹೂಡಿ ಎಂದವರಿಗೆ ಅದೇ ಅಳತೆ ಹಾಕಬಾರದು ಎಂಬುದು ನನ್ನ ವಾದ. ನ್ಯಾಯಪೀಠಗಳು ಇದರಲ್ಲಿ ಯಾವಾಗಲೂ ಒಂದೇ ದಾರಿ ಹಿಡಿದಿಲ್ಲ ಎಂಬ ನಿಮ್ಮ ಎಚ್ಚರಿಕೆಯೂ ನ್ಯಾಯವೇ.

ಕಚೇರಿಯೊಂದರ ದಿನಗೂಲಿ ನೌಕರರು: ನನ್ನದೂ ಇದೇ ಕಥೆ. ಹನ್ನೆರಡು ವರ್ಷದಿಂದ ದುಡಿಯುತ್ತಿದ್ದೇನೆ. ಖಾಯಂ ಮಾಡುತ್ತೇವೆ ಎಂದು ಮೇಲಧಿಕಾರಿಗಳು ಹೇಳುತ್ತಲೇ ಇದ್ದಾರೆ. ಹಾಗಾದರೆ ನಾನೂ ಇದನ್ನೇ ಕೇಳಬಹುದಲ್ಲವೇ?

ವಕೀಲರು: ಈ ವಾದದಿಂದ ಆಗುವುದಿಲ್ಲ, ಅಣ್ಣ. ನಮ್ಮ ಕರ್ನಾಟಕದ ಉಮಾದೇವಿ ಪ್ರಕರಣದಲ್ಲಿ 2006ರಲ್ಲಿ ಸಂವಿಧಾನ ಪೀಠ, ಕ್ರಮಬದ್ಧ ನೇಮಕಾತಿ ಇಲ್ಲದೆ ಸೇರಿದವರು ನ್ಯಾಯಯುತ ನಿರೀಕ್ಷೆಯ ಹೆಸರಿನಲ್ಲಿ ಖಾಯಂ ಕೇಳುವಂತಿಲ್ಲ ಎಂದಿದೆ. ಅವರೂ ವಾಣಿಜ್ಯ ತೆರಿಗೆ ಇಲಾಖೆಯಲ್ಲಿ ವರ್ಷಗಟ್ಟಲೆ ದುಡಿದ ದಿನಗೂಲಿಗಳೇ. ಆದರೆ ಬಾಗಿಲು ಪೂರ್ತಿ ಮುಚ್ಚಿಲ್ಲ. 2024ರ ಡಿಸೆಂಬರ್‌ನ ಜಗ್ಗೋ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ದೀರ್ಘಕಾಲ ದುಡಿಸಿಕೊಂಡವರ ವಿರುದ್ಧ ಉಮಾದೇವಿ ತೀರ್ಪನ್ನು ಗುರಾಣಿ ಮಾಡಿಕೊಳ್ಳಬೇಡಿ ಎಂಬ ಧಾಟಿಯಲ್ಲಿ ಮಾತಾಡಿದೆ. ನಿಮ್ಮದು ಮಂಜೂರಾದ ಹುದ್ದೆಯೇ ಎಂಬುದನ್ನು ಮೊದಲು ತಿಳಿದುಕೊಂಡು ಬೇರೆ ಪ್ರಶ್ನೆಯಾಗಿ ಹಾಕಿ.

ಪ್ರಶ್ನೆ ಕೇಳಿದವರು: ರದ್ದತಿ ಆದೇಶದಲ್ಲಿ "ಸಾರ್ವಜನಿಕ ಹಿತದೃಷ್ಟಿಯಿಂದ" ಎಂಬ ಒಂದೇ ಮಾತಿದೆ. ಇನ್ನೊಂದು ವಿಷಯ: ಉಳಿದ ಅವಧಿಗೆ ಕಡಿಮೆ ದರ ಕೊಡುತ್ತೇವೆ, ಒಪ್ಪಿಗೆ ಪತ್ರ ಕೊಡಿ ಎಂದು ಇಲಾಖೆಯವರು ಕೇಳುತ್ತಿದ್ದಾರೆ.

ವಕೀಲರು: ಒಪ್ಪಿಗೆ ಪತ್ರಕ್ಕೆ ಈಗ ಸಹಿ ಹಾಕಬೇಡಿ. ಮೋತಿಲಾಲ್ ಕಂಪನಿ ರಿಯಾಯಿತಿ ದರಕ್ಕೆ ಒಪ್ಪಿದ್ದರಿಂದ ಹಕ್ಕು ಬಿಟ್ಟುಕೊಟ್ಟಂತಾಯಿತು ಎಂದು ಅಲಹಾಬಾದ್ ಹೈಕೋರ್ಟ್ ಅರ್ಜಿಯನ್ನೇ ವಜಾ ಮಾಡಿತ್ತು. ತನಗೆ ಹಕ್ಕಿದೆ ಎಂದು ತಿಳಿದಿದ್ದವನು ಮಾತ್ರ ಅದನ್ನು ಬಿಟ್ಟುಕೊಡಬಲ್ಲ, ಎಲ್ಲರಿಗೂ ಕಾನೂನು ಗೊತ್ತಿರುತ್ತದೆ ಎಂದು ಊಹಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಅವರನ್ನು ಪಾರು ಮಾಡಿತು. ನೀವು ಇಲ್ಲಿ ಇಷ್ಟೆಲ್ಲ ಚರ್ಚಿಸಿದ ಮೇಲೆ ಗೊತ್ತಿರಲಿಲ್ಲ ಎನ್ನುವುದು ಕಷ್ಟ.

ಬಿಲ್ಲನ್ನು ಆಕ್ಷೇಪಣೆ ದಾಖಲಿಸಿ ಕಟ್ಟಿ. ಕಟ್ಟದೆ ಬಿಟ್ಟರೆ ಸಂಪರ್ಕ ಕಡಿಯುವ ಜಗಳ ಬೇರೆ ಹುಟ್ಟುತ್ತದೆ. ರದ್ದತಿಗೆ ಕಾರಣವಾದ ಕಡತದ ಟಿಪ್ಪಣಿಗಳಿಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಸಾರ್ವಜನಿಕ ಹಿತ ಎಂದು ಬಾಯಿಮಾತಿನಲ್ಲಿ ಹೇಳಿದರೆ ಸಾಲದು, ಸಂಗತಿಗಳನ್ನು ಮುಂದಿಡಬೇಕು, ತೂಗಿ ನೋಡುವುದು ಕೋರ್ಟು ಎಂಬುದೂ ಮೋತಿಲಾಲ್ ತೀರ್ಪಿನಲ್ಲಿದೆ. ಕಡತದಲ್ಲಿ ಗಟ್ಟಿ ಕಾರಣವೇ ಇದ್ದರೆ ನಿಮ್ಮ ಪ್ರಕರಣ ನಾನು ಮೇಲೆ ಹೇಳಿದಷ್ಟು ಸಲೀಸಲ್ಲ. ಹಾಗೆಂದು ಆ ಉತ್ತರಕ್ಕಾಗಿ ತಿಂಗಳುಗಟ್ಟಲೆ ಕಾಯಬೇಡಿ. ತಡ ಮಾಡಿದ ರಿಟ್ ಅರ್ಜಿಗೆ ತಡವೇ ಮೊದಲ ಆಕ್ಷೇಪವಾಗುತ್ತದೆ.