Cd 12% ಇಳಿದರೂ ಪೆಟ್ರೋಲ್ ಉಳಿತಾಯ 6% ಮಾತ್ರ: ಉಳಿದದ್ದು ಎಲ್ಲಿ ಹೋಯಿತು?

ತಳಹಲಗೆ

ನನ್ನದು 1300 ಕೆ.ಜಿ. ತೂಕದ, 1.5 ಲೀಟರ್ ಪೆಟ್ರೋಲ್ ಎಂಜಿನ್ನಿನ ಸೆಡಾನ್. ಕಾರಿನ ಅಡಿಭಾಗಕ್ಕೆ ನಯವಾದ ಹಲಗೆ ಹೊದಿಸಿದ್ದೇನೆ. ಚಕ್ರಗಳಿಗೆ ಚಪ್ಪಟೆ ಮುಚ್ಚಳ ಕೂರಿಸಿ, ಮುಂದಿನ ಜಾಲರಿಯ ಮೇಲಿನ ಅರ್ಧವನ್ನು ಮುಚ್ಚಿದ್ದೇನೆ. ತಯಾರಕರು ಕೊಟ್ಟ Cd, ಅಂದರೆ ಗಾಳಿ ಎಳೆತದ ಗುಣಾಂಕ, 0.33. ಈಗ ಅದು 0.29ಕ್ಕೆ ಇಳಿದಿದೆ ಎಂಬುದು ನನ್ನ ಲೆಕ್ಕ. ಮುಂಭಾಗದ ವಿಸ್ತೀರ್ಣ 2.2 ಚದರ ಮೀಟರ್.

ಹೆದ್ದಾರಿಯಲ್ಲಿ ಗಂಟೆಗೆ 108 ಕಿ.ಮೀ. ವೇಗವನ್ನೇ ಹಿಡಿದು ಓಡಿಸಿದಾಗ ಮೊದಲು ಲೀಟರಿಗೆ 16.2 ಕಿ.ಮೀ. ಸಿಗುತ್ತಿತ್ತು, ಈಗ 17.3 ಸಿಗುತ್ತಿದೆ. Cd 12% ಇಳಿದರೆ ಪೆಟ್ರೋಲ್ ಕೂಡ 12% ಉಳಿದು ಮೈಲೇಜ್ 18.4ರ ಹತ್ತಿರ ಬರಬೇಕಿತ್ತಲ್ಲವೇ? ಹಲಗೆಗಳು ಅರ್ಧ ಕೆಲಸವನ್ನಷ್ಟೇ ಮಾಡುತ್ತಿವೆಯೋ, ನನ್ನ ಲೆಕ್ಕವೇ ಸರಿಯಿಲ್ಲವೋ?

ಐದನೇ ಗೇರ್

ಲೆಕ್ಕ ಸರಿಯಾಗಿಯೇ ಇದೆ. ಗಾಳಿಗೆ ಬೇಕಾದ ಶಕ್ತಿ ವೇಗದ ಘನದಂತೆ ಏರುತ್ತದೆ. ವೇಗ ಎರಡು ಪಟ್ಟಾದರೆ ಪೆಟ್ರೋಲ್ ಎಂಟು ಪಟ್ಟು ಬೇಕು. ಹೀಗಾಗಿ 108ರಲ್ಲಿ ಎಂಜಿನ್ ದುಡಿಯುವುದೆಲ್ಲ ಗಾಳಿಗಾಗಿಯೇ. ನಿಮ್ಮ ಹಲಗೆ ಎಲ್ಲೋ ಸಡಿಲವಾಗಿ ಅದುರುತ್ತಿರಬೇಕು. ಅದನ್ನು ಮೊದಲು ನೋಡಿ.

ಹಳೆಯ ಚಕ್ರ

ಘನದ ಮಾತು ನಿಜ, ಆದರೆ ಅದು ಶಕ್ತಿಗೆ ಅನ್ವಯಿಸುವ ಮಾತು, ಪ್ರತಿ ಕಿಲೋಮೀಟರಿನ ಇಂಧನಕ್ಕಲ್ಲ. ವೇಗ ಇಮ್ಮಡಿಯಾದರೆ ಅದೇ ದೂರಕ್ಕೆ ಅರ್ಧ ಸಮಯ ಸಾಕು. ಆದ್ದರಿಂದ ಕಿಲೋಮೀಟರಿಗೆ ಗಾಳಿ ತಿನ್ನುವುದು ನಾಲ್ಕು ಪಟ್ಟು. ಅದೂ ಗಾಳಿಯ ಪಾಲು ಮಾತ್ರ, ಒಟ್ಟು ಪೆಟ್ರೋಲ್ ಅಲ್ಲ.

ತಳಹಲಗೆ ಅವರೇ, ನಿಮ್ಮ ಅಂಕಿಗಳನ್ನೇ ಹಿಡಿದು ಲೆಕ್ಕ ಹಾಕೋಣ. 108 ಕಿ.ಮೀ. ಎಂದರೆ ಸೆಕೆಂಡಿಗೆ 30 ಮೀಟರ್. ಗಾಳಿಯ ಸಾಂದ್ರತೆ 1.2 ಎಂದಿಟ್ಟುಕೊಳ್ಳಿ.

```
P = 0.5 × ρ × Cd × A × v³
0.5 × 1.2 × 0.33 × 2.2 × 27000 ≈ 11800 W
0.5 × 1.2 × 0.29 × 2.2 × 27000 ≈ 10300 W
```

ಗಾಳಿಯ ಪಾಲಿನಲ್ಲಿ ಸುಮಾರು 1.4 ಕಿಲೋವಾಟ್ ಉಳಿಯಿತು. ಗಾಳಿಯ ಮಟ್ಟಿಗೆ ಇದು ಪೂರ್ತಿ 12%. ಆದರೆ ಟೈರುಗಳು ಉರುಳುವುದಕ್ಕೂ ಶಕ್ತಿ ಬೇಕು. ಉರುಳು ಪ್ರತಿರೋಧದ ಗುಣಾಂಕ 0.011 ಎಂದು ಹಿಡಿದರೆ ಈ ತೂಕಕ್ಕೆ 140 ನ್ಯೂಟನ್, ಅಂದರೆ ಇದೇ ವೇಗದಲ್ಲಿ 4.2 ಕಿಲೋವಾಟ್. ಅದನ್ನು ನಿಮ್ಮ ಹಲಗೆ ಮುಟ್ಟುವುದಿಲ್ಲ. ಚಕ್ರದ ಬಳಿ ಮೊದಲು ಬೇಕಿದ್ದದ್ದು ಒಟ್ಟು 16 ಕಿಲೋವಾಟ್. ಅದರಲ್ಲಿ 1.4 ಉಳಿದರೆ 9% ಆಗುತ್ತದೆ. 12 ಇಲ್ಲಿಯೇ 9ಕ್ಕೆ ಇಳಿಯಿತು.

ಇನ್ನು ಎಂಜಿನ್ನಿನ ಒಳಗಿನ ಮಾತು. ಗೇರ್ ನಷ್ಟ, ಆಲ್ಟರ್ನೇಟರ್ ಎಲ್ಲ ಸೇರಿ ಎಂಜಿನ್ ಹೊರಗೆ ಕೊಡುವುದು ಸುಮಾರು 18 ಕಿಲೋವಾಟ್. ಜೊತೆಗೆ ಪಿಸ್ಟನ್ ಉಜ್ಜಾಟಕ್ಕೆ, ಎಣ್ಣೆಯ ಪಂಪಿಗೆ, ಅರೆ ಮುಚ್ಚಿದ ಥ್ರಾಟಲ್ ಮೂಲಕ ಗಾಳಿ ಎಳೆದುಕೊಳ್ಳುವುದಕ್ಕೆ ಅದು ತನ್ನೊಳಗೇ ಶಕ್ತಿ ಕಳೆದುಕೊಳ್ಳುತ್ತದೆ. ನಿಮಿಷಕ್ಕೆ 2800 ಸುತ್ತು ತಿರುಗುವ 1.5 ಲೀಟರ್ ಎಂಜಿನ್ನಿಗೆ ಇದು 5 ಕಿಲೋವಾಟಿನ ಆಸುಪಾಸು ಎನ್ನಬಹುದು. ಈ ನಷ್ಟ ಮುಖ್ಯವಾಗಿ ಎಂಜಿನ್ ಎಷ್ಟು ಸುತ್ತು ತಿರುಗುತ್ತಿದೆ ಎಂಬುದನ್ನು ಅವಲಂಬಿಸಿದೆ. ಹೊರಗಿನ ಹೊರೆ ಸ್ವಲ್ಪ ಕಡಿಮೆಯಾದರೆ ಇದು ಇಳಿಯುವುದಿಲ್ಲ. ಥ್ರಾಟಲ್ ಇನ್ನಷ್ಟು ಮುಚ್ಚುವುದರಿಂದ ಒಂದಿಷ್ಟು ಏರಲೂಬಹುದು. ಪೆಟ್ರೋಲ್ ಸುಡುವುದು 18ಕ್ಕಲ್ಲ, 23ಕ್ಕೆ. ಅದರಲ್ಲಿ ನಿಮ್ಮ ಉಳಿತಾಯ, ಗೇರ್ ನಷ್ಟವನ್ನೂ ಸೇರಿಸಿದರೆ, 1.5. ಅಂದರೆ ಆರೂವರೆ ಪ್ರತಿಶತ. ನಿಮಗೆ ಸಿಕ್ಕಿರುವುದು ಅದೇ!

ಪೂರ್ತಿ ಲಾಭ ಬೇಕಿದ್ದರೆ ಎಂಜಿನ್ನಿನ ಸುತ್ತು ಇಳಿಯುವಂತೆ ಗೇರ್ ಅನುಪಾತವನ್ನೂ ಬದಲಾಯಿಸಬೇಕು. ಹೊಸ ಮಾದರಿ ರೂಪಿಸುವ ತಯಾರಕರಿಗೆ ಆ ಅವಕಾಶ ಇರುತ್ತದೆ, ಮನೆಯಲ್ಲಿ ಹಲಗೆ ಕೂರಿಸುವ ನಮಗೆ ಇರುವುದಿಲ್ಲ.

ಮೌನಮೋಟಾರು

ನಾನು ಛಾವಣಿಯ ರ್ಯಾಕ್ ತೆಗೆದ ಮೇಲೆ ಒಂದು ಚಾರ್ಜಿಗೆ ಓಡುವ ದೂರ ಎದ್ದು ಕಾಣುವಂತೆ ಹೆಚ್ಚಿತು. ನಿಮ್ಮ ಬ್ಯಾಟರಿ ಎಷ್ಟು ಕಿಲೋವಾಟ್ ಅವರ್‌ನದು? ಚಳಿಯಲ್ಲಿ ಹೀಟರ್ ಹಾಕಿದ್ದರೆ ಉಳಿತಾಯವೆಲ್ಲ ಅಲ್ಲಿಗೇ ಹೋಗುತ್ತದೆ.

ಹಳೆಯ ಚಕ್ರ

ಅವರದು ಪೆಟ್ರೋಲ್ ಕಾರು. ಆದರೂ ನಿಮ್ಮ ಅನುಭವ ಇಲ್ಲಿಗೆ ಹೊಂದುತ್ತದೆ. ವಿದ್ಯುತ್ ಮೋಟಾರಿನಲ್ಲಿ ಆ 5 ಕಿಲೋವಾಟಿನಂಥ ದೊಡ್ಡ ನಷ್ಟ ಇರುವುದಿಲ್ಲ. ಇದೇ ದೇಹ, ಇದೇ ಟೈರು, ಇದೇ ತೂಕಕ್ಕೆ ಮೋಟಾರು ಹಾಕಿದ್ದರೆ ಉಳಿತಾಯ 9%ರ ಹತ್ತಿರವೇ ನಿಲ್ಲುತ್ತಿತ್ತು.

ಐದನೇ ಗೇರ್

ಕಿಲೋಮೀಟರಿನ ವಿಷಯ ಒಪ್ಪುತ್ತೇನೆ. ಆದರೆ ಉತ್ತರ 6ಕ್ಕೆ ಸರಿಹೊಂದಿತು ಎಂದ ಮಾತ್ರಕ್ಕೆ Cd ನಿಜವಾಗಿ 0.29 ಆಗಿದೆ ಎಂದು ಹೇಗೆ ಹೇಳುತ್ತೀರಿ? ಅದನ್ನು ಯಾರೂ ಅಳೆದಿಲ್ಲ.

ಹಳೆಯ ಚಕ್ರ

ಸರಿಯಾದ ಪ್ರಶ್ನೆ. ತಳಹಲಗೆ ಅವರೇ, 0.29 ಎಲ್ಲಿಂದ ಬಂತು? ಎರಡೂ ಮೈಲೇಜ್‌ಗಳನ್ನು ಒಂದೇ ಬಗೆಯ ಹವೆಯಲ್ಲಿ ಅಳೆದಿದ್ದೀರಾ?

ತಳಹಲಗೆ

ಅಡಿಹಲಗೆಗೆ ಇಷ್ಟು, ಮುಚ್ಚಳಕ್ಕೆ ಇಷ್ಟು ಎಂದು ಬೇರೆ ಕಾರುಗಳಿಗೆ ಹೇಳುವ ಇಳಿಕೆಗಳನ್ನು ಕೂಡಿಸಿದ್ದೇನೆ. ಮೊದಲ ಅಳತೆ ಚಳಿಗಾಲದ ಬೆಳಗಿನದು, 15 ಡಿಗ್ರಿ ಇತ್ತು. ಎರಡನೆಯದು ಮಧ್ಯಾಹ್ನದ್ದು, 35 ಡಿಗ್ರಿ.

ಹಳೆಯ ಚಕ್ರ

ಹಾಗಿದ್ದರೆ ಎಚ್ಚರ ಬೇಕು. ಸಮುದ್ರಮಟ್ಟದ ಒತ್ತಡದಲ್ಲಿ ಗಾಳಿಯ ಸಾಂದ್ರತೆ 15 ಡಿಗ್ರಿಯಲ್ಲಿ 1.225, 35ರಲ್ಲಿ 1.146. ಏನೂ ಮಾಡದೆ ಗಾಳಿಯ ಎಳೆತ 6.5% ಇಳಿಯುತ್ತದೆ. ನಿಮ್ಮ 12%ರ ಅರ್ಧಕ್ಕಿಂತ ಹೆಚ್ಚು! ಬಿಸಿಯಾದ ಟೈರು ಕೂಡ ಹಗುರವಾಗಿ ಉರುಳುತ್ತದೆ. ಇಳಿಕೆಗಳನ್ನು ಕೂಡಿಸುವುದೂ ನಂಬಿಕೆಗೆ ಅರ್ಹವಲ್ಲ. ಮುಂದಿನ ಭಾಗ ಗಾಳಿಯನ್ನು ತಿರುಗಿಸಿದ ರೀತಿಯ ಮೇಲೆ ಹಿಂದಿನ ಭಾಗದ ಲಾಭ ನಿಂತಿರುತ್ತದೆ.

ಅಳೆಯುವುದಾದರೆ ನೇರವಾದ ಖಾಲಿ ರಸ್ತೆಯಲ್ಲಿ, ಗಾಳಿಯಿಲ್ಲದ ಹೊತ್ತಿನಲ್ಲಿ, ವೇಗ 110 ದಾಟಿದ ಮೇಲೆ ನ್ಯೂಟ್ರಲ್‌ಗೆ ಹಾಕಿ. 110ರಿಂದ 90ಕ್ಕೆ ಇಳಿಯಲು ಎಷ್ಟು ಸೆಕೆಂಡ್ ಎಂದು ಪಕ್ಕದವರು ನೋಡಲಿ. ಎಂಜಿನ್ ಆರಿಸಬೇಡಿ, ಸ್ಟೀರಿಂಗ್ ಮತ್ತು ಬ್ರೇಕಿನ ನೆರವು ತಪ್ಪಿಹೋಗುತ್ತದೆ. ನಿಮ್ಮ ಕಾರಿಗೆ Cd 0.33 ಇದ್ದರೆ ಇದು 15.7 ಸೆಕೆಂಡಿನಷ್ಟು, 0.29 ಇದ್ದರೆ 17.2ರಷ್ಟು. ಒಂದೂವರೆ ಸೆಕೆಂಡಿನ ಅಂತರ ಅಷ್ಟೇ. ಹಲಗೆ ಹಾಕಿ, ತೆಗೆದು, ಮತ್ತೆ ಹಾಕಿ ಒಂದೇ ದಿನ, ಒಂದೇ ಟೈರ್ ಒತ್ತಡದಲ್ಲಿ ನೋಡಬೇಕು.

ಪ್ರತಿ ಸಲವೂ ಎರಡೂ ದಿಕ್ಕಿನಲ್ಲಿ ಓಡಿಸಿ. 100 ಕಿ.ಮೀ. ವೇಗದಲ್ಲಿ ಹಲಗೆಗಳು ತಗ್ಗಿಸುವ ಬಲ 41 ನ್ಯೂಟನ್. ನೂರು ಮೀಟರಿಗೆ ಅರ್ಧ ಮೀಟರ್ ಇಳಿಜಾರು ಇದ್ದರೆ ಅದೊಂದೇ 64 ನ್ಯೂಟನ್ ತಳ್ಳುತ್ತದೆ. ಇಷ್ಟು ಇಳಿಜಾರು ಕಣ್ಣಿಗೆ ಕಾಣುವುದೇ ಇಲ್ಲ.

ಐದನೇ ಗೇರ್

ಜಾಲರಿ ಮುಚ್ಚಿದ್ದರ ಬಗ್ಗೆ ನನಗೆ ಇನ್ನೂ ಅನುಮಾನ ಇದೆ. 35 ಡಿಗ್ರಿಯಲ್ಲಿ ರೇಡಿಯೇಟರ್ ಫ್ಯಾನ್ ಪದೇ ಪದೇ ಓಡುತ್ತಿದ್ದರೆ ಆಲ್ಟರ್ನೇಟರಿನ ಹೊರೆ ಏರುತ್ತದೆ.

ಹಳೆಯ ಚಕ್ರ

108ರ ವೇಗದಲ್ಲಿ ಫ್ಯಾನ್ ಓಡಬೇಕಾಗಿಯೇ ಇಲ್ಲ. ಓಡುತ್ತಿದ್ದರೆ ಮುಚ್ಚಿದ್ದು ಹೆಚ್ಚಾಯಿತು ಎಂದೇ ಅರ್ಥ.

ತಳಹಲಗೆ

ಏರು ರಸ್ತೆಯಲ್ಲಿ ಫ್ಯಾನ್ ಸದ್ದು ಕೇಳಿದ್ದುಂಟು, ಸಮತಟ್ಟಿನಲ್ಲಿ ಗಮನಿಸಿಲ್ಲ. ಮುಂದಿನ ವಾರ ಜಾಲರಿಯನ್ನು ತೆರೆದು, ಅಡಿಹಲಗೆ ಮತ್ತು ಮುಚ್ಚಳಗಳನ್ನು ಮಾತ್ರ ಉಳಿಸಿಕೊಂಡು ಎರಡೂ ದಿಕ್ಕಿನ ಸೆಕೆಂಡುಗಳನ್ನು ಬರೆದು ಇಲ್ಲಿ ಹಾಕುತ್ತೇನೆ. ಎಂಜಿನ್ ತಾಪವನ್ನೂ ಜೊತೆಗೆ ದಾಖಲಿಸುತ್ತೇನೆ.