ಕಸ್ಟಮರ್ ‘ಡೌನ್ ಆಗಿದೆ’ ಅಂದಿದ್ದನ್ನು ‘ಈಸ್’ ಅಂತ ಬರೆಯಬೇಕಾ, ‘ವಾಸ್’ ಅಂತಾನಾ?

ಹೊಸಬ_ಶಿಫ್ಟ್ ಕೇಳಿದ್ದು: ಬೆಳಿಗ್ಗೆ ಕಸ್ಟಮರ್ ಫೋನ್ ಮಾಡಿ ಸರ್ವರ್ ಡೌನ್ ಆಗಿದೆ ಅಂದರು. ಶಿಫ್ಟ್ ನೋಟಿನಲ್ಲಿ ‘ದಿ ಕಸ್ಟಮರ್ ಸೆಡ್ ದಿ ಸರ್ವರ್ ಈಸ್ ಡೌನ್’ ಅಂತ ಬರೆದೆ. ಲೀಡ್ ಅದನ್ನು ‘ವಾಸ್ ಡೌನ್’ ಮಾಡಿದರು. ಆದರೆ ಅದೇ ನೋಟಿನಲ್ಲಿದ್ದ ‘ಶಿ ಸೆಡ್ ದೇರ್ ಆಫೀಸ್ ಈಸ್ ಕ್ಲೋಸ್ಡ್ ಆನ್ ಸಂಡೇಸ್’ ಅನ್ನೋದನ್ನು ಮುಟ್ಟಲೇ ಇಲ್ಲ. ಎರಡರಲ್ಲೂ ‘ಸೆಡ್’ ಇದೆ, ಅಲ್ವಾ? ನಿಮಗೆಲ್ಲ ಇದು ಹೇಗೆ ರೂಢಿಯಾಯ್ತು?

ಗ್ರಾಮರ್_ಗೆಳೆಯ: ತುಂಬಾ ಸುಲಭ. ‘ಸೆಡ್’ ಬಂದರೆ ಒಳಗಿನ ಕ್ರಿಯಾಪದ ಒಂದು ಹೆಜ್ಜೆ ಹಿಂದೆ ಹೋಗುತ್ತೆ. ಈಸ್ ಇದ್ದರೆ ವಾಸ್, ವಿಲ್ ಇದ್ದರೆ ವುಡ್, ಕ್ಯಾನ್ ಇದ್ದರೆ ಕುಡ್. ಒಂದೇ ವಿನಾಯಿತಿ, ಯಾವತ್ತೂ ಬದಲಾಗದ ಸತ್ಯ. ಭೂಮಿ ಸೂರ್ಯನ ಸುತ್ತ ಸುತ್ತುತ್ತೆ ಅನ್ನೋ ಥರದ್ದು. ಅದಕ್ಕೆ ಮಾತ್ರ ‘ಗೋಸ್’ ಹಾಗೇ ಇರುತ್ತೆ. ಸಂಡೇ ವಾಕ್ಯವನ್ನೂ ನಿಮ್ಮ ಲೀಡ್ ತಿದ್ದಬೇಕಿತ್ತು, ಮರೆತಿದ್ದಾರೆ.

ರಾತ್ರಿಪಾಳಿ: ಗೆಳೆಯರೇ, ಮೊದಲರ್ಧ ಸರಿ, ವಿನಾಯಿತಿ ಅಷ್ಟು ಚಿಕ್ಕದಲ್ಲ. ಲೀಡ್ ಮರೆತಿಲ್ಲ ಅನ್ಸುತ್ತೆ.

ನಾನು ಇದನ್ನು ಕಲಿತಿದ್ದು ಏಟು ತಿಂದು. ಹಗಲು ಶಿಫ್ಟಿನವರು ಇದೇ ಥರ ‘ಸೆಡ್ ದಿ ಸರ್ವರ್ ಈಸ್ ಡೌನ್’ ಅಂತ ಬರೆದಿಟ್ಟು ಹೋಗಿದ್ದರು. ನಾನು ರಾತ್ರಿ ಓದಿದೆ, ಇನ್ನೂ ಬಿದ್ದೇ ಇದೆ ಅಂದುಕೊಂಡೆ, ಮಲಗಿದ್ದ ಎಂಜಿನಿಯರನ್ನು ಎಬ್ಬಿಸಿದೆ. ಅದು ಸಂಜೆ 4ಕ್ಕೇ ಎದ್ದು ಕೂತಿತ್ತು! ಆಮೇಲೆ ಯೋಚಿಸಿದೆ, ಬರೆದವರ ತಪ್ಪಾ, ಓದಿದ ನನ್ನ ತಪ್ಪಾ ಅಂತ. ನನ್ನ ತಪ್ಪೂ ಇತ್ತು, ಒಂದು ಸಲ ಸ್ಕ್ರೀನ್ ನೋಡಬಹುದಿತ್ತು. ಆದರೆ ಆ ‘ಈಸ್’ ನನ್ನನ್ನು ನಂಬಿಸಿಬಿಟ್ಟಿತ್ತು.

ಕಾರಣ ಕನ್ನಡದಲ್ಲಿದೆ. ನಾವು ‘ಡೌನ್ ಆಗಿದೆ ಅಂದರು’ ಅಂತೀವಿ. ‘ಅಂತ’, ‘ಅಂದರು’ ಬಂದರೆ ಹೇಳಿದವರ ಗಡಿಯಾರವೇ ಒಳಗೆ ಓಡುತ್ತಿರುತ್ತೆ. ಅವರು ಹೇಳಿದ ಹೊತ್ತಿಗೆ ಅದು ಡೌನ್, ಅಷ್ಟೇ. ಈಗಿನ ಮಾತು ಅದರಲ್ಲಿಲ್ಲ. ‘ನಾನು ಬರ್ತೀನಿ ಅಂದ’ ಅನ್ನುವಾಗ ‘ನಾನು’ ಕೂಡ ಅವನೇ ಆಗಬಹುದು. ಇಂಗ್ಲಿಷಿನಲ್ಲಿ ಕೋಟ್ ಗುರುತು ತೆಗೆದರೆ ಗಡಿಯಾರ ಬರೆಯುವವರ ಕೈಗೆ ಬರುತ್ತೆ. ಅಲ್ಲಿ ‘ಈಸ್’ ಬರೆದರೆ, ನಾನು ಬರೆಯುವ ಹೊತ್ತಿಗೂ ಅದು ನಿಜ, ನಾನೂ ಅದನ್ನು ಒಪ್ಪುತ್ತೇನೆ ಅಂತ ಓದುವವರಿಗೆ ಕೇಳಿಸುತ್ತೆ.

ಅದಕ್ಕೇ ಸಂಡೇ ವಾಕ್ಯ ಉಳಿಯಿತು. ಭಾನುವಾರದ ರಜೆ ಈ ವಾರವೂ ಇದೆ, ಮುಂದಿನ ವಾರವೂ ಇರುತ್ತೆ. ಅದೇನು ಸೂರ್ಯ–ಭೂಮಿಯ ಸತ್ಯವಲ್ಲ, ನಾಳೆ ಅವರು ಬದಲಿಸಲೂಬಹುದು. ಆದರೂ ಸದ್ಯಕ್ಕೆ ನಿಜ, ಆದ್ದರಿಂದ ‘ಈಸ್’ ಸಾಕು. ಅಲ್ಲಿ ‘ವಾಸ್’ ಬರೆದರೂ ತಪ್ಪಲ್ಲ. ‘ವಾಸ್’ ಅಂದರೆ ಈಗ ಹಾಗಿಲ್ಲ ಅಂತ ಅರ್ಥವಲ್ಲ, ಈಗಿನ ಬಗ್ಗೆ ಅದು ಸುಮ್ನೆ ಬಾಯಿ ಮುಚ್ಚಿಕೊಂಡಿರುತ್ತೆ. ಇಷ್ಟು ಹಿಡಿದುಕೊಂಡರೆ ಅರ್ಧ ಗೊಂದಲ ಹೋಯ್ತು.

ಗ್ರಾಮರ್_ಗೆಳೆಯ: ಹಾಗಾದರೆ ಪರೀಕ್ಷೆಯಲ್ಲಿ?

ರಾತ್ರಿಪಾಳಿ: ಪರೀಕ್ಷೆಯಲ್ಲಿ ಬದಲಿಸಿಬಿಡಿ, ಮಾರ್ಕ್ಸ್ ಅಲ್ಲಿದೆ. ಆದರೆ ನಿಮ್ಮ ಸತ್ಯದ ನಿಯಮವೂ ‘ಬದಲಿಸಬಾರದು’ ಅಂತಲ್ಲ, ‘ಬದಲಿಸದಿದ್ದರೂ ನಡೆಯುತ್ತೆ’ ಅಂತ. ‘ಸೆಡ್ ದಿ ಅರ್ತ್ ವೆಂಟ್ ರೌಂಡ್ ದಿ ಸನ್’ ಅಂದರೂ ವ್ಯಾಕರಣ ಕೆಡಲ್ಲ. ಉಲ್ಟಾ ನೋಡಿ. ಭೂಮಿ ಚಪ್ಪಟೆ ಅಂತ ಹಿಂದೆ ಜನ ನಂಬಿದ್ದರು ಅನ್ನೋದಕ್ಕೆ ‘ಪೀಪಲ್ ಬಿಲೀವ್ಡ್ ದಿ ಅರ್ತ್ ವಾಸ್ ಫ್ಲ್ಯಾಟ್’ ಅಂತಾರೆ. ‘ಈಸ್’ ಹಾಕಿದರೆ ಬರೆದವರಿಗೂ ಅದೇ ನಂಬಿಕೆ ಇದ್ದ ಹಾಗೆ ಕೇಳುತ್ತೆ. ಅನುಮಾನ ಇರುವಾಗ ದೂರ ನಿಲ್ಲೋಕೆ ‘ವಾಸ್’ ಒಳ್ಳೆ ಜಾಗ. ‘ಹೀ ಸೆಡ್ ಹೀ ವಾಸ್ ಎ ಡಾಕ್ಟರ್’ ಅಂದರೆ ಡಾಕ್ಟರೋ ಅಲ್ವೋ, ಅದು ಅವನ ಮಾತು, ನನ್ನದಲ್ಲ.

ಮಗಳ_ಹೋಮ್‌ವರ್ಕ್: ನಮ್ಮ ಮನೆಯಲ್ಲೂ ಇದೇ ಗಲಾಟೆ. ಮಗಳು ‘ಹೀ ಟೋಲ್ಡ್ ದಟ್ ಹೀ ವಾಸ್ ಟೈರ್ಡ್’ ಅಂತ ಬರೆದಳು. ಟೀಚರ್ ಕೆಂಪು ಗೆರೆ ಹಾಕಿದರು. ನಾನು ‘ವಾಸ್’ ತಪ್ಪಿರಬೇಕು ಅಂತ ‘ಈಸ್’ ಮಾಡಿಸಿದೆ. ಮತ್ತೆ ಕೆಂಪು ಗೆರೆ.

ರಾತ್ರಿಪಾಳಿ: ಪಾಪ, ‘ವಾಸ್’ದು ಏನೂ ತಪ್ಪಿರಲಿಲ್ಲ. ‘ಟೋಲ್ಡ್’ಗೆ ಯಾರಿಗೆ ಹೇಳಿದ ಅನ್ನೋದು ಬೇಕು. ‘ಟೋಲ್ಡ್ ಮಿ ದಟ್’ ಅಥವಾ ‘ಸೆಡ್ ದಟ್’. ನಾವು ‘ಹೇಳಿದ’ ಅಂತ ಒಂದೇ ಪದದಲ್ಲಿ ಮುಗಿಸೋದರಿಂದ ಇದು ಎಲ್ಲರಿಗೂ ಆಗುತ್ತೆ.

ಮಗಳ_ಹೋಮ್‌ವರ್ಕ್: ಅಯ್ಯೋ, ಎರಡು ಸಲ ಅವಳನ್ನೇ ಬೈದೆ.

ಹೊಸಬ_ಶಿಫ್ಟ್: ನನಗೆ ಇನ್ನೊಂದು ತೊಡಕು. ಕಸ್ಟಮರ್ ‘ದಿ ಸರ್ವರ್ ವಾಸ್ ಡೌನ್’ ಅಂತಲೇ ಹೇಳಿದ್ದರೆ? ಅವರ ಮಾತಿನಲ್ಲೇ ‘ವಾಸ್’ ಇದೆ. ಎಲ್ಲಾ ಕಡೆ ‘ಹ್ಯಾಡ್ ಬೀನ್’ ತುರುಕಬೇಕಾ?

ಮಿನಿಟ್ಸ್_ಬರೆಯೋಳು: ಇದಕ್ಕೆ ನಾನು ಹೇಳ್ತೀನಿ, ದಿನಾ ಇದೇ ಕೆಲಸ. ಮೊದಮೊದಲು ಎಲ್ಲಾ ಕಡೆ ‘ಹ್ಯಾಡ್’ ಹಾಕ್ತಿದ್ದೆ. ಓದೋಕೆ ಹಿಂಸೆ. ಈಗ ಹೊತ್ತು ಹೇಳುವ ಪದ ಇದೆಯಾ ಅಂತ ನೋಡ್ತೀನಿ. ‘ಸೆಡ್ ದಿ ಸರ್ವರ್ ವಾಸ್ ಡೌನ್ ಆನ್ ಮಂಡೇ ನೈಟ್’ ಅಂದರೆ, ಫೋನ್ ಬಂದಿದ್ದು ಮಂಗಳವಾರ ಅಂತ ನೋಟಿನಲ್ಲೇ ಇರುವಾಗ, ಯಾರಿಗೂ ಗೊಂದಲ ಆಗಲ್ಲ. ‘ವಾಸ್’ ಸಾಕು. ಹೊತ್ತಿನ ಪದ ಇಲ್ಲದಿದ್ದರೆ ಮಾತ್ರ ಕಷ್ಟ. ‘ಸೆಡ್ ದಿ ಸರ್ವರ್ ವಾಸ್ ಡೌನ್’ ಅಂದಾಗ, ಫೋನ್ ಮಾಡಿದಾಗ ಬಿದ್ದಿತ್ತಾ, ಅದಕ್ಕೂ ಮೊದಲೇ ಬಿದ್ದು ಎದ್ದಿತ್ತಾ ಗೊತ್ತಾಗಲ್ಲ. ಮೊದಲೇ ಬಿದ್ದಿತ್ತು ಅನ್ನೋದು ಮುಖ್ಯವಾದರೆ ಅಲ್ಲಿ ‘ಹ್ಯಾಡ್ ಬೀನ್ ಡೌನ್’ ಬರೀರಿ.

‘ಟುಮಾರೋ’ ಬಗ್ಗೆಯೂ ಹುಷಾರು. ಅವರು ನಾಳೆ ಅಂದ ದಿನವೇ ಓದಿದರೆ ಸರಿ. ಮಾರನೇ ದಿನ ಓದುವವರಿಗೆ ಆ ‘ನಾಳೆ’ ಇವತ್ತಾಗಿರುತ್ತೆ. ನಾನು ತಾರೀಖೇ ಬರೆಯೋದು.

ಗ್ರಾಮರ್_ಗೆಳೆಯ: ಒಪ್ಪಿದೆ. ಆದರೆ ಈಗಲೂ ನಿಜವಾಗಿದ್ದರೆ ‘ಈಸ್’ ಅಂತೀರಲ್ಲ, ಮತ್ತೆ ಇಂಗ್ಲಿಷಿನವರು ಹೆಸರು ಮರೆತಾಗ ‘ವಾಟ್ ಡಿಡ್ ಯು ಸೇ ಯುವರ್ ನೇಮ್ ವಾಸ್?’ ಅಂತ ಯಾಕೆ ಕೇಳ್ತಾರೆ? ಹೆಸರೇನು ನಿನ್ನೆಗೆ ಮುಗಿದುಹೋಯ್ತಾ?

ರಾತ್ರಿಪಾಳಿ: ಹ್ಹ ಹ್ಹ, ಚೆನ್ನಾಗಿ ಹಿಡಿದಿರಿ. ‘ಸೇ’ ಹಿಂದಕ್ಕೆ ಹೋಯ್ತು, ‘ಈಸ್’ ಅದರ ಬಾಲ ಹಿಡಿದು ಹೋಯ್ತು. ಅದಕ್ಕೇ ಹೇಳಿದ್ದು, ಬದಲಿಸೋದು ಮಾಮೂಲಿ ದಾರಿ, ಬದಲಿಸದೆ ಇರೋದಕ್ಕೆ ಕಾರಣ ಬೇಕು. ಹೊಸಬರೇ, ಬರೆದ ಮೇಲೆ ವಾಕ್ಯದ ಕೊನೆಗೆ ‘ಬಟ್ ಇಟ್ಸ್ ಫೈನ್ ನೌ’ ಅಂತ ಅಂಟಿಸಿ ನೋಡಿ. ಅದು ನಿಜ ಆಗಿರಬಹುದು ಅನ್ನಿಸಿದರೆ ‘ವಾಸ್’ ಹಾಕಿ. ಇನ್ನು ‘ಸೆಡ್’ ಬದಲು ‘ಸೇಸ್’ ಅಂತ ಬರೆದಿದ್ದರೆ ಈ ತಲೆನೋವೇ ಇಲ್ಲ, ಏನೂ ಬದಲಿಸಬೇಡಿ.

ಮಿನಿಟ್ಸ್_ಬರೆಯೋಳು: ನನಗೆ ಇನ್ನೂ ಬಗೆಹರಿಯದ್ದು ‘ವಿಲ್’. ಮೀಟಿಂಗ್ ದಿನ ‘ದಿ ಮ್ಯಾನೇಜರ್ ಸೆಡ್ ದಿ ರಿಲೀಸ್ ವಿಲ್ ಬಿ ಆನ್ ದಿ 12ತ್’ ಅಂತ ಬರೆದರೆ ಅವತ್ತಿಗೆ ಸರಿ, 12 ಇನ್ನೂ ಬಂದಿಲ್ಲ. ಮೂರು ತಿಂಗಳಾದ ಮೇಲೆ ಯಾರೋ ಫೈಲ್ ತೆಗೆದರೆ ವಿಚಿತ್ರವಾಗಿ ಕಾಣುತ್ತೆ. ನಾನು ‘ವುಡ್’ ಹಾಕ್ತೀನಿ. ನಮ್ಮ ಮ್ಯಾನೇಜರ್ ‘ವುಡ್’ ನೋಡಿದರೆ ರಿಲೀಸ್ ಕ್ಯಾನ್ಸಲ್ ಆಯ್ತಾ ಅಂತ ಕೇಳ್ತಾರೆ.

ರಾತ್ರಿಪಾಳಿ: ನಾನಾದರೆ ‘ವುಡ್’.

ಗ್ರಾಮರ್_ಗೆಳೆಯ: ನಾನು ‘ವಿಲ್’. ಈ ಸಲ ನಿಯಮ ನನ್ನ ಕಡೆ ಇಲ್ಲ ಅಂತ ಗೊತ್ತು, ಆದರೂ.

ಹೊಸಬ_ಶಿಫ್ಟ್: ಲೀಡ್ ಹತ್ರ ಕೇಳಿ ಬಂದೆ. ಸಂಡೇ ವಾಕ್ಯ ಅವರು ನೋಡೇ ಇರಲಿಲ್ಲವಂತೆ. ಈಗ ನೋಡಿ, ‘ಇರಲಿ ಬಿಡು’ ಅಂದರು.